ಮುತ್ಯಾಗ 80 ತುಂಬಿದ್ರ ಒಟ್ಟು ಎಷ್ಟು ದಿನ?

ಪ್ರಶ್ನೆ: ನಾವು ಕಲಬುರಗಿಯವರು. ನಮ್ಮ ಮುತ್ಯಾ ಹುಟ್ಟಿದ್ದು 12 ಮಾರ್ಚ್ 1945. ಎಂಬತ್ತು ತುಂಬಿದ ದಿನ ತಾವೇ ಲೆಕ್ಕ ಹಾಕಿ 29,200 ದಿನ ಅಂದ್ರು. ಮೊಬೈಲ್ 29,220 ಅಂತದ, ನಮ್ಮ ಕಾಕಾ 29,221 ಅಂತಾರ. ಯಾವುದು ಖರೆ?

29,220 ಖರೆ. ಮುತ್ಯಾನ ಗುಣಾಕಾರದಲ್ಲಿ ತಪ್ಪಿಲ್ಲ: 80 × 365 ಅಂದರೆ 29,200. ಬಿಟ್ಟುಹೋದದ್ದು ಫೆಬ್ರವರಿ 29ಗಳು. ಅವರ ಹುಟ್ಟಿನ ನಂತರ ಮೊದಲ ಲೀಪ್ ವರ್ಷ 1948, ಕೊನೆಯದು 2024. ನಡುವೆ ನಾಲ್ಕು ವರ್ಷಕ್ಕೊಂದರಂತೆ ಎಣಿಸಿದರೆ 20 ಆಗುತ್ತವೆ. ಅವನ್ನು ಕೂಡಿಸಿ. ನೂರರಿಂದ ಭಾಗವಾಗುವ ವರ್ಷ ಲೀಪ್ ಅಲ್ಲ ಎಂಬ ನಿಯಮ ನೆನಪಿದ್ದವರು 2000ವನ್ನು ಬಿಟ್ಟು 19 ಎಣಿಸುವುದುಂಟು. ಆದರೆ 400ರಿಂದ ಭಾಗವಾಗುವುದರಿಂದ 2000 ಲೀಪ್ ವರ್ಷವೇ.

ಕಾಕಾ ಎಣಿಸಿದ್ದು ಹುಟ್ಟಿದ ದಿನ, ಇವತ್ತಿನ ದಿನ ಎರಡನ್ನೂ ಸೇರಿಸಿ. ನಮ್ಮ ಕಡೆ 'ಎಂಬತ್ತು ತುಂಬಿ ಎಂಬತ್ತೊಂದು ನಡೀಲಿಕ್ಕತ್ತದ' ಅಂತೀವಲ್ಲ, ಇದೂ ಹಾಗೇ. ತುಂಬಿದ ದಿನ 29,220, ನಡೆಯುತ್ತಿರುವುದು 29,221ನೆಯದು. ವಯಸ್ಸು ಹೇಳುವಾಗ ತುಂಬಿದ್ದನ್ನೇ ಹಿಡಿಯಬೇಕು.

ಈ ಲೆಕ್ಕವನ್ನು ವಾರದಿಂದ ತಾಳೆ ನೋಡುವುದು ನನಗೆ ಎಲ್ಲಕ್ಕಿಂತ ಇಷ್ಟ. 29,220ನ್ನು 7ರಿಂದ ಭಾಗಿಸಿದರೆ 4,174 ವಾರ ಹೋಗಿ 2 ಉಳಿಯುತ್ತದೆ. 12 ಮಾರ್ಚ್ 2025 ಬುಧವಾರ. ಎರಡು ದಿನ ಹಿಂದೆ ಹೋದರೆ ಸೋಮವಾರ, ಅದೇ 12 ಮಾರ್ಚ್ 1945ರ ವಾರ. 29,221 ಹಿಡಿದರೆ ಶೇಷ 3, ಹುಟ್ಟಿದ್ದು ಭಾನುವಾರ ಅನ್ನಬೇಕಾಗುತ್ತದೆ. ಮುತ್ಯಾನ 29,200ಕ್ಕೂ ಶೇಷ 3. ಒಂದು ಮಿತಿ ಇದೆ: ತಪ್ಪು ಸರಿಯಾಗಿ 7, 14, 21 ದಿನದ್ದಾದರೆ ಈ ತಾಳೆಗೆ ಅದು ಸಿಗುವುದಿಲ್ಲ.

ಇಲ್ಲೊಂದು ಮಾತು ಹೇಳಲೇಬೇಕು. ಇವತ್ತು ಎಂಬತ್ತು ತುಂಬುವ ಯಾರದೇ ಲೆಕ್ಕವೂ 29,220ಕ್ಕೇ ಬರುತ್ತದೆ, ಹುಟ್ಟಿದ ತಾರೀಕು ಯಾವುದಾದರೂ ಸರಿ. ಯಾವ ಎಂಬತ್ತು ವರ್ಷ ತೆಗೆದುಕೊಂಡರೂ, ನಡುವೆ 1900 ಅಥವಾ 2100ರ ಫೆಬ್ರವರಿ ಬರದಿದ್ದರೆ, ಲೀಪ್ ದಿನ ಇಪ್ಪತ್ತೇ. ಹಾಗಾಗಿ ಶಾಲೆಗೆ ಹಾಕುವಾಗ ಮಾಸ್ತರರು ಅಂದಾಜಿಗೆ ಜೂನ್ 1 ಅಂತ ಬರೆದುಕೊಂಡಿದ್ದರೂ ಆ ತಾರೀಕಿನ ಹುಟ್ಟುಹಬ್ಬಕ್ಕೆ ಇದೇ ಸಂಖ್ಯೆ ಬರುತ್ತದೆ, ತಾರೀಕಿನ ತಪ್ಪು ಹೊರಬೀಳುವುದಿಲ್ಲ. ಅದನ್ನು ಹಿಡಿಯುವುದು ವಾರ. ಮನೆಯ ಹಿರಿಯರು 'ಸೋಮವಾರ ಹುಟ್ಟಿದಾಂವ' ಅಂತ ಹೇಳುತ್ತಿದ್ದರೇ ಎಂದು ಮುತ್ಯಾನನ್ನು ಕೇಳಿ. ಬೇರೆ ವಾರ ಹೇಳಿದರೆ ತಾರೀಕನ್ನೇ ಅನುಮಾನಿಸಬೇಕು. ನಿಜಾಮರ ಕಾಲದ ಹಳೆಯ ಕಾಗದದಲ್ಲಿ ಫಸಲಿ 1354 ಅಂತಿದ್ದರೆ ಗಾಬರಿಯಾಗಬೇಡಿ. ಆ ವರ್ಷ 1944ರ ಅಕ್ಟೋಬರಿನಿಂದ 1945ರ ಅಕ್ಟೋಬರಿನವರೆಗೆ ನಡೆದದ್ದು, ಮಾರ್ಚ್ 1945 ಅದರೊಳಗೇ ಬರುತ್ತದೆ.

ಮೊಬೈಲ್ ಬಿಟ್ಟು ಕಂಪ್ಯೂಟರಿನ ಶೀಟಿನಲ್ಲಿ ನೋಡಬೇಕೆಂದರೆ:

```
=DATE(2025,3,12)-DATE(1945,3,12)
```

ಉತ್ತರದ ಜಾಗದಲ್ಲಿ 1979ರ ಡಿಸೆಂಬರ್ 31 ಅಂತ ತಾರೀಕು ಕಂಡರೆ ಲೆಕ್ಕ ಕೆಟ್ಟಿಲ್ಲ, ಆ ಕೋಶವನ್ನು ಸಂಖ್ಯೆಯಾಗಿ ತೋರಿಸುವಂತೆ ಬದಲಿಸಿ.

ಮುತ್ಯಾಗ ಮೂವತ್ತು ಸಾವಿರ ದಿನ ತುಂಬಲು ಎಂಬತ್ತರ ಹುಟ್ಟುಹಬ್ಬದಿಂದ ಇನ್ನು 780 ದಿನ: 1 ಮೇ 2027, ಶನಿವಾರ.