ಫೋಟೋ ನೋಡಿ ಮ್ಯಾಕ್‌ಬುಕ್ ಏರ್ ಮಾದರಿ ಗುರುತಿಸುವುದು

“ಮಾರುವವರು ‘2020ರ ಮ್ಯಾಕ್‌ಬುಕ್ ಏರ್’ ಎಂದಷ್ಟೇ ಹೇಳುತ್ತಾರೆ. ಕೀಬೋರ್ಡ್ ಮತ್ತು ಎಡಬದಿಯ ಎರಡು ಪೋರ್ಟುಗಳ ಫೋಟೋ ಮಾತ್ರ ಕಳಿಸಿದ್ದಾರೆ. ಇದು ಎಂ1 ಹೌದೇ?”

ಪೋರ್ಟುಗಳು ಇಲ್ಲಿ ಅರ್ಧ ದಾರಿಯವರೆಗೆ ಮಾತ್ರ ಬರುತ್ತವೆ. ಎಡಬದಿಯಲ್ಲಿ ಎರಡೇ ಯುಎಸ್‌ಬಿ-ಸಿ ಎಂದರೆ 2018ರಿಂದ 2020ರವರೆಗಿನ ಯಾವುದೂ ಆಗಿರಬಹುದು. ಪಕ್ಕದಲ್ಲಿ ಮ್ಯಾಗ್‌ಸೇಫ್ ಚಾರ್ಜಿಂಗ್ ಕಿಂಡಿಯೂ ಇದ್ದಿದ್ದರೆ ಎಂ2 ಅಥವಾ ಅದರ ನಂತರದ್ದು ಎನ್ನಬಹುದಿತ್ತು.

ಆದ್ದರಿಂದ ಕೀಬೋರ್ಡಿಗೆ ಬನ್ನಿ. ಮೊದಲು ಬಾಣದ ಕೀಲಿಗಳನ್ನು ನೋಡಿ. ಎಡ, ಬಲ ಬಾಣಗಳು ಪೂರ್ಣ ಎತ್ತರಕ್ಕಿದ್ದರೆ ಅದು 2018 ಅಥವಾ 2019ರ ಬಟರ್‌ಫ್ಲೈ ಕೀಬೋರ್ಡ್. ಧೂಳಿಗೆ ಸಿಕ್ಕಿಕೊಳ್ಳುವ ಆ ಕೀಲಿಗಳನ್ನು ನಾನಾದರೆ ಕೊಳ್ಳುವುದಿಲ್ಲ. ಎಡ, ಬಲ ಬಾಣಗಳು ಅರ್ಧ ಎತ್ತರದವಾಗಿ, ಮೇಲೆ ಖಾಲಿ ಜಾಗವಿದ್ದರೆ 2020ರದ್ದೇ.

ಆದರೆ 2020ರಲ್ಲಿ ಇಂಟೆಲ್ ಚಿಪ್‌ನದೊಂದು, ಆಪಲ್‌ನ ಸ್ವಂತ ಎಂ1 ಚಿಪ್‌ನದೊಂದು ಎಂದು ಎರಡು ಬಂದವು, ಗೊಂದಲದ ಮೂಲವೂ ಅದೇ. ಮೇಲಿನ ಸಾಲಿನ ಐದು ಮತ್ತು ಆರನೇ ಫಂಕ್ಷನ್ ಕೀಲಿಗಳ ಮೇಲೆ ಕೀಬೋರ್ಡ್ ಬೆಳಕನ್ನು ಹೆಚ್ಚು ಕಡಿಮೆ ಮಾಡುವ ಚಿಹ್ನೆಗಳಿದ್ದರೆ ಇಂಟೆಲ್. ಅಲ್ಲಿ ಮೈಕ್ ಮತ್ತು ಅರ್ಧಚಂದ್ರ ಇದ್ದು, ಎಡ ಕೆಳಮೂಲೆಯ ಕೀಲಿಯಲ್ಲಿ ಭೂಗೋಳದ ಚಿತ್ರವಿದ್ದರೆ ಎಂ1.

ಕೀಬೋರ್ಡ್ ಬದಲಾಯಿಸಿದ ಯಂತ್ರವಾಗಿದ್ದರೆ ಈ ಗುರುತೂ ಮೋಸ ಮಾಡಬಹುದು. ಅಡಿಭಾಗದ ಸಣ್ಣಕ್ಷರದ ಫೋಟೋ ಕೇಳಿ: A2337 ಎಂದಿದ್ದರೆ ಎಂ1, A2179 ಎಂದಿದ್ದರೆ ಇಂಟೆಲ್. ಮೆಮೊರಿ 8 ಜಿಬಿಯೋ 16 ಜಿಬಿಯೋ ಎಂಬುದನ್ನು ಯಾವ ಕೀಲಿಯೂ ಹೇಳುವುದಿಲ್ಲ. ಅದಕ್ಕೆ ಆಪಲ್ ಮೆನುವಿನ ಮೊದಲ ಆಯ್ಕೆಯನ್ನು ತೆರೆದು ಪರದೆಯ ಫೋಟೋ ಕಳಿಸಲಿ.