ಬಾಡಿಗೆಯ ಮೊದಲ ಕಂತು ಯಾವತ್ತು ಕಟ್ಟಬೇಕು?

«ಸಂಪಾದಕರಿಗೆ ನಮಸ್ಕಾರ. ‘ಮೆಷಿನ್ ಕೊಳ್ಳುವುದಾ, ಲೀಸಿಗೆ ತರುವುದಾ?’ ಎಂಬ ಲೇಖನ ಕಳಿಸಿದ್ದೇನೆ. ಪೀಣ್ಯದ ಒಂದು ಸಣ್ಣ ಕಂಪನಿಯ ನಿಜವಾದ ಲೆಕ್ಕ ಇದು. 40 ಲಕ್ಷದ ವಿಎಂಸಿ, ಅಂದರೆ ಲೋಹ ಕೊರೆಯುವ ಕಂಪ್ಯೂಟರ್ ಚಾಲಿತ ಮೆಷಿನ್. ಸಾಲ ಮಾಡಿ ಕೊಂಡರೆ ಐದು ವರ್ಷಕ್ಕೆ ಒಟ್ಟು 53.39 ಲಕ್ಷ ಕಟ್ಟಬೇಕು, ಮೇಲೆ ಸವಕಳಿಯ ನಷ್ಟ ಬೇರೆ. ಲೀಸಿಗೆ ತಂದರೆ ವರ್ಷಕ್ಕೆ 9 ಲಕ್ಷದಂತೆ 45 ಲಕ್ಷ ಮಾತ್ರ. ಹಾಗಾಗಿ ಲೀಸೇ ಲಾಭ ಎಂದು ಬರೆದಿದ್ದೇನೆ. ಪ್ರಕಟಿಸುತ್ತೀರಾ? ತಿದ್ದಬೇಕಿದ್ದರೆ ನೇರವಾಗಿ ಹೇಳಿ.»

ನಮಸ್ಕಾರ. ನೇರವಾಗಿಯೇ ಹೇಳುತ್ತೇನೆ. ಈಗಿರುವ ರೂಪದಲ್ಲಿ ಇದನ್ನು ಹಾಕಲು ಆಗುವುದಿಲ್ಲ, ಏಕೆಂದರೆ ನಿಮ್ಮ ತೀರ್ಮಾನ ತಪ್ಪು. ಇದನ್ನು ಓದಿ ಯಾರಾದರೂ ಸಹಿ ಹಾಕಿದರೆ ಅವರ ಕೈಯಿಂದ ಎರಡು ಲಕ್ಷಕ್ಕಿಂತ ಜಾಸ್ತಿ ಹೋಗುತ್ತದೆ. ಆದರೆ ಸರಿ ಉತ್ತರಕ್ಕೆ ಬೇಕಾದ ಅಂಕಿಗಳೆಲ್ಲ ನಿಮ್ಮ ಬರಹದಲ್ಲೇ ಇವೆ. ನೀವು ಅವನ್ನು ಬೇರೆ ಬೇರೆ ಪುಟದಲ್ಲಿ ಬಿಟ್ಟು ಬಂದಿದ್ದೀರಿ, ಅಷ್ಟೇ.

ಎರಡನೇ ಪುಟದಲ್ಲಿ ಮಾಲೀಕರು ಕೂಲಂಟ್ ಕಲೆಯಾದ ಕೈ ಒರೆಸಿಕೊಳ್ಳುತ್ತಾ, ‘ಹಳೇ ಮೆಷಿನ್ ಐದು ವರ್ಷ ಓಡಿಸಿ 12 ಲಕ್ಷಕ್ಕೆ ಕೊಟ್ಟೆ’ ಅನ್ನುತ್ತಾರೆ. ಇಡೀ ಲೇಖನದಲ್ಲಿ ಇದು ಒಳ್ಳೆಯ ಸಾಲು. ಆದರೆ ಆ 12 ಲಕ್ಷ ನಿಮ್ಮ ಲೆಕ್ಕದಲ್ಲಿ ಎಲ್ಲೂ ಇಲ್ಲ. ಹಾಗೆಯೇ ನೀವು ಜೊತೆಗೆ ಲಗತ್ತಿಸಿದ ಲೀಸ್ ಕೊಟೇಷನ್ ನೋಡಿ. ಮೂರನೇ ಷರತ್ತು: ‘ವಾರ್ಷಿಕ ಬಾಡಿಗೆ ಮುಂಗಡ’. ಈ ಒಂದು ಪದ ಉತ್ತರವನ್ನೇ ತಿರುಗಿಸುತ್ತದೆ. ಅದಕ್ಕೆ ಆಮೇಲೆ ಬರುತ್ತೇನೆ.

ಮೊದಲು ಆ 53.39 ಲಕ್ಷ. ಶೇಕಡಾ 12 ಬಡ್ಡಿಗೆ ತಿಂಗಳಿಗೆ 88,978 ರೂಪಾಯಿ ಇಎಂಐ, 60 ಕಂತು. ಗುಣಾಕಾರ ಸರಿ ಇದೆ. ಆದರೆ ಇವತ್ತಿನ ರೂಪಾಯಿಯನ್ನೂ ಐದು ವರ್ಷದ ನಂತರದ ರೂಪಾಯಿಯನ್ನೂ ಒಂದೇ ಚೀಲಕ್ಕೆ ಹಾಕಿ ಕೂಡಿಸಿದ್ದೀರಿ. ಮುಂದೆ ಕಟ್ಟುವ ಹಣವನ್ನು ಇವತ್ತಿನ ಬೆಲೆಗೆ ಇಳಿಸಿದ ಮೇಲೆಯೇ ಕೂಡಬೇಕು. ಯಾವ ದರದಲ್ಲಿ ಇಳಿಸಬೇಕು? ಕಂಪನಿಗೆ ಸಾಲ ಸಿಗುವ ದರದಲ್ಲಿ, ಅದೂ ತೆರಿಗೆ ಕಳೆದ ಮೇಲಿನ ದರದಲ್ಲಿ. ಲೀಸ್ ಎಂದರೆ ಸಾಲದ ಹಾಗೆಯೇ ಕಂತು ತಪ್ಪಿಸಲಾಗದ ಒಪ್ಪಂದ. ಅದಕ್ಕೇ ಅದನ್ನು ಸಾಲದ ಪಕ್ಕದಲ್ಲಿ ಇಟ್ಟು ತೂಗುವುದು.

ಇದನ್ನು ಓದುಗರಿಗೆ 100 ರೂಪಾಯಿ ಇಟ್ಟು ತೋರಿಸಿ. ಶೇಕಡಾ 12ಕ್ಕೆ 100 ರೂಪಾಯಿ ಸಾಲ ತಂದರೆ ವರ್ಷದ ಕೊನೆಗೆ 112 ಕಟ್ಟಬೇಕು. ಬಡ್ಡಿಯ 12 ರೂಪಾಯಿ ಖರ್ಚು ಎಂದು ಲೆಕ್ಕಕ್ಕೆ ಬರುತ್ತದೆ. ತೆರಿಗೆ ಶೇಕಡಾ 25 ಇದ್ದರೆ 3 ರೂಪಾಯಿ ತೆರಿಗೆ ಉಳಿಯಿತು. (ರಿಯಾಯಿತಿಗಳನ್ನು ಬಿಟ್ಟುಕೊಟ್ಟು ಕಡಿಮೆ ದರ ಆರಿಸಿಕೊಂಡ ಕಂಪನಿಗೆ ಸರ್ಚಾರ್ಜ್, ಸೆಸ್ ಸೇರಿ 25.168 ಆಗುತ್ತದೆ. ಲೇಖನಕ್ಕೆ 25 ಸಾಕು.) ನಿಜವಾಗಿ ಕೈಯಿಂದ ಹೋದದ್ದು 109. ಅದನ್ನು ಶೇಕಡಾ 9ರಲ್ಲಿ ಇವತ್ತಿಗೆ ಇಳಿಸಿದರೆ ಮತ್ತೆ 100! ಸಾಲ ತನ್ನ ಬೆಲೆಯನ್ನು ತಾನೇ ತೀರಿಸಿಕೊಂಡಿತು. ಅಂದರೆ ಶೇಕಡಾ 9 ಎಂಬ ದರ ಇಟ್ಟುಕೊಂಡ ಕೂಡಲೇ ಬಡ್ಡಿ ಅದರೊಳಗೆ ಬಂದುಬಿಟ್ಟಿದೆ. ಆಮೇಲೆ ಬಡ್ಡಿಯನ್ನು ಬೇರೆ ಸಾಲಾಗಿ ಬರೆದರೆ ಎರಡು ಸಲ ಎಣಿಸಿದ ಹಾಗೆ. ಹಾಗಾಗಿ ಕೊಳ್ಳುವ ಲೆಕ್ಕದಲ್ಲಿ ಇಎಂಐ ಕಾಲಂ ಬೇಡವೇ ಬೇಡ. ‘ಇವತ್ತು 40 ಲಕ್ಷ’ ಎಂದು ಒಂದೇ ಸಾಲು ಬರೆಯಿರಿ.

ಇನ್ನು ‘ಸವಕಳಿಯ ನಷ್ಟ’. ಸವಕಳಿಗೆ ಯಾರೂ ಚೆಕ್ ಬರೆಯುವುದಿಲ್ಲ, ಅಲ್ವಾ? ಹಣ ಹೋಗಿದ್ದು ಮೆಷಿನ್ ಕೊಂಡ ದಿನವೇ. ಸವಕಳಿ ಮಾಡುವುದು ಒಂದೇ ಕೆಲಸ, ತೆರಿಗೆ ಕಟ್ಟಬೇಕಾದ ಲಾಭವನ್ನು ಇಳಿಸುವುದು. ಆದ್ದರಿಂದ ಅದು ನಿಮ್ಮ ಲೆಕ್ಕದಲ್ಲಿ ಖರ್ಚಿನ ಕಡೆ ಕೂರಬಾರದು, ಉಳಿತಾಯದ ಕಡೆ ಕೂರಬೇಕು. ಸಾಮಾನ್ಯ ಯಂತ್ರಗಳಿಗೆ ಆದಾಯ ತೆರಿಗೆಯಲ್ಲಿ ಸವಕಳಿ ಶೇಕಡಾ 15. ಪ್ರತಿ ವರ್ಷ ಉಳಿದ ಬೆಲೆಯ ಮೇಲೆ ಎಣಿಸುತ್ತಾರೆ. ಮೊದಲ ವರ್ಷ 6 ಲಕ್ಷ, ಎರಡನೇ ವರ್ಷ ಉಳಿದ 34 ಲಕ್ಷದ ಮೇಲೆ 5.10 ಲಕ್ಷ, ಹೀಗೆ ಇಳಿಯುತ್ತಾ ಐದನೇ ವರ್ಷ 3.13 ಲಕ್ಷ. ಇವುಗಳ ಕಾಲು ಭಾಗ ತೆರಿಗೆ ಉಳಿತಾಯ: ಮೊದಲ ವರ್ಷ 1.50 ಲಕ್ಷ, ಕೊನೆಗೆ 78 ಸಾವಿರ. ಐದೂ ವರ್ಷದ್ದನ್ನು ಶೇಕಡಾ 9ರಲ್ಲಿ ಇವತ್ತಿಗೆ ಇಳಿಸಿ ಕೂಡಿದರೆ 4.45 ಲಕ್ಷ ಬರುತ್ತದೆ. ನಿಮ್ಮ ಮಾಲೀಕರು ಏಪ್ರಿಲ್‌ನಲ್ಲೇ ಮೆಷಿನ್ ಓಡಿಸಲು ಶುರು ಮಾಡುತ್ತಾರೆ, ಹಾಗಾಗಿ ಮೊದಲ ವರ್ಷ ಪೂರ್ತಿ ಸವಕಳಿ ಸಿಗುತ್ತದೆ. ಆ ವರ್ಷದಲ್ಲಿ 180 ದಿನಕ್ಕಿಂತ ಕಡಿಮೆ ಬಳಸಿದ್ದರೆ ಅರ್ಧ ಮಾತ್ರ. ಇದನ್ನು ಒಂದು ಸಾಲಿನಲ್ಲಿ ಹೇಳಿ, ಮುಂದೆ ಹೋಗಿ.

ಈಗ ಆ 12 ಲಕ್ಷ. ಐದು ವರ್ಷದ ನಂತರ ಬರುವ 12 ಲಕ್ಷಕ್ಕೆ ಇವತ್ತಿನ ಬೆಲೆ 7.80 ಲಕ್ಷ. ಇಲ್ಲಿ ಪಠ್ಯಪುಸ್ತಕ ನೋಡಿ ಬರೆಯುವವರು ಎಡವುವ ಒಂದು ಜಾಗ ಇದೆ. ಅಷ್ಟು ಹೊತ್ತಿಗೆ ಪುಸ್ತಕದಲ್ಲಿ ಮೆಷಿನ್ ಬೆಲೆ 17.75 ಲಕ್ಷ ಉಳಿದಿರುತ್ತದೆ. ಮಾರಿದ್ದು 12ಕ್ಕೆ. ‘5.75 ಲಕ್ಷ ನಷ್ಟ, ಅದರ ಮೇಲೆ ಆ ವರ್ಷವೇ ತೆರಿಗೆ ಉಳಿತಾಯ’ ಎಂದು ಬರೆದುಬಿಡುತ್ತಾರೆ. ನಮ್ಮ ದೇಶದಲ್ಲಿ ಹಾಗಾಗುವುದಿಲ್ಲ. ಒಂದೇ ಸವಕಳಿ ದರದ ಯಂತ್ರಗಳೆಲ್ಲ ಸೇರಿ ಒಂದು ಬ್ಲಾಕ್. ಮಾರಿದ ಹಣವನ್ನು ಆ ಬ್ಲಾಕಿನಿಂದ ಕಳೆಯುತ್ತಾರೆ. ಉಳಿದ 5.75 ಲಕ್ಷ ಅಲ್ಲೇ ಇದ್ದು ವರ್ಷ ವರ್ಷ ಶೇಕಡಾ 15ರಂತೆ ನಿಧಾನಕ್ಕೆ ಕರಗುತ್ತದೆ. ಆ ಉದ್ದನೆಯ ಉಳಿತಾಯಕ್ಕೆ ಇವತ್ತಿನ ಬೆಲೆ ಸುಮಾರು 58 ಸಾವಿರ. ಬ್ಲಾಕಿನಲ್ಲಿ ಬೇರೆ ಯಂತ್ರವೇ ಇಲ್ಲದಿದ್ದರೆ ಅದು ಅಲ್ಪಾವಧಿ ಬಂಡವಾಳ ನಷ್ಟವಾಗುತ್ತದೆ, ವ್ಯಾಪಾರದ ಲಾಭದಿಂದ ಅದನ್ನು ಕಳೆಯಲು ಬರುವುದಿಲ್ಲ. ನಿಮ್ಮ ಮಾಲೀಕರ ಶೆಡ್ಡಿನಲ್ಲಿ ಇನ್ನೂ ನಾಲ್ಕು ಮೆಷಿನ್ ಇವೆ ಎಂದು ನೀವೇ ಬರೆದಿದ್ದೀರಿ. ಆ ವಿವರ ಬರೀ ಅಲಂಕಾರವಲ್ಲ, ಲೆಕ್ಕಕ್ಕೇ ಬೇಕು.

ಹಾಗಾದರೆ ಕೊಳ್ಳುವ ನಿಜ ಖರ್ಚು: 40 ಲಕ್ಷದಲ್ಲಿ 4.45, 7.80 ಮತ್ತು 0.58 ಕಳೆಯಿರಿ. 27.17 ಲಕ್ಷ.

ಈಗ ಬಾಡಿಗೆ. ಬಾಡಿಗೆ ಪೂರ್ತಿ ಖರ್ಚು, ಹಾಗಾಗಿ 9 ಲಕ್ಷಕ್ಕೆ 2.25 ಲಕ್ಷ ತೆರಿಗೆ ಉಳಿಯುತ್ತದೆ. ಕೈಯಿಂದ ಹೋಗುವುದು 6.75 ಲಕ್ಷ. ಎಲ್ಲ ಬಾಡಿಗೆಯೂ ವರ್ಷದ ಕೊನೆಗೆ ಎಂದುಕೊಂಡರೆ ಐದು ವರ್ಷದ ಇವತ್ತಿನ ಬೆಲೆ 26.26 ಲಕ್ಷ. ಅಂದರೆ ಲೀಸೇ 91 ಸಾವಿರ ಅಗ್ಗ. ಸರಿಯಾದ ವಿಧಾನ ಗೊತ್ತಿದ್ದವರೂ ಇಲ್ಲಿಗೇ ನಿಲ್ಲಿಸಿ, ‘ಲೀಸ್ ತಗೊಳ್ಳಿ’ ಅಂದುಬಿಡಬಹುದು.

ಆದರೆ ಕೊಟೇಷನ್‌ನಲ್ಲಿ ಇರುವುದು ‘ಮುಂಗಡ’. ಮೊದಲ 9 ಲಕ್ಷ ಮೆಷಿನ್ ಇಳಿಸುವ ದಿನವೇ ಹೋಗಬೇಕು. ಅದಕ್ಕೆ ಇಳಿಕೆಯೇ ಇಲ್ಲ, 9 ಲಕ್ಷ ಅಂದರೆ 9 ಲಕ್ಷವೇ. ಎರಡನೆಯದನ್ನು ಒಂದೇ ವರ್ಷ ಇಳಿಸಬೇಕು, ಹೀಗೆ. ತೆರಿಗೆ ಉಳಿತಾಯ ಮಾತ್ರ ವರ್ಷದ ಕೊನೆಯ ಹೊತ್ತಿಗೇ ಬರುವುದು. ಬಾಡಿಗೆಗಳ ಇವತ್ತಿನ ಬೆಲೆ 38.16 ಲಕ್ಷ, ತೆರಿಗೆ ಉಳಿತಾಯದ್ದು 8.75 ಲಕ್ಷ. ಲೀಸಿನ ನಿಜ ಖರ್ಚು 29.41 ಲಕ್ಷ. ಈಗ ಕೊಳ್ಳುವುದು 2.24 ಲಕ್ಷ ಅಗ್ಗವಾಯಿತು. ಬಾಡಿಗೆ ಒಂದು ರೂಪಾಯಿಯೂ ಬದಲಾಗಿಲ್ಲ, ತಾರೀಕು ಬದಲಾಯಿತು ಅಷ್ಟೇ. ನಿಮ್ಮ ಲೇಖನದ ಜೀವ ಇಲ್ಲಿದೆ. ಇದನ್ನು ನಡುವೆ ಇಟ್ಟು, ಮಿಕ್ಕದ್ದನ್ನು ಇದರ ಸುತ್ತ ಬರೆಯಿರಿ.

‘12 ಲಕ್ಷ ಸಿಗುತ್ತದೆ ಅಂತ ಏನು ಗ್ಯಾರಂಟಿ?’ ಎಂದು ಓದುಗರು ಕೇಳುತ್ತಾರೆ. ಕೇಳಲೇಬೇಕು. ಬಾಡಿಗೆ ಒಪ್ಪಂದದಲ್ಲಿ ಬರೆದ ಅಂಕಿ, ಮಾರಾಟದ ಬೆಲೆ ಊಹೆ. ಹಾಗಾಗಿ ಒಂದೇ ಉತ್ತರ ಕೊಡಬೇಡಿ, ಎಲ್ಲಿ ಉತ್ತರ ತಿರುಗುತ್ತದೆ ಎಂದು ತೋರಿಸಿ. ಮಾರಾಟದ ಬೆಲೆ ಒಂದು ಲಕ್ಷ ಇಳಿದರೆ ಇವತ್ತಿನ ಲೆಕ್ಕದಲ್ಲಿ ಸುಮಾರು 55 ಸಾವಿರ ನಷ್ಟ. 2.24 ಲಕ್ಷದ ಅಂತರ ಪೂರ್ತಿ ಅಳಿಸಬೇಕಾದರೆ ಬೆಲೆ 8 ಲಕ್ಷದ ಹತ್ತಿರಕ್ಕೆ ಇಳಿಯಬೇಕು. ‘ಐದು ವರ್ಷದ ನಂತರ ಈ ಮೆಷಿನ್ 8 ಲಕ್ಷಕ್ಕಾದರೂ ಹೋಗುತ್ತದಾ?’ ಈ ಪ್ರಶ್ನೆಗೆ ವರ್ಕ್‌ಶಾಪಿನ ಮಾಲೀಕರು ಥಟ್ಟನೆ ಉತ್ತರ ಕೊಡುತ್ತಾರೆ. ಇವತ್ತಿನ ಬೆಲೆಗೆ ಇಳಿಸುವ ಡಿಸ್ಕೌಂಟ್ ದರ ಎಷ್ಟಿರಬೇಕು ಎಂದರೆ ಸುಮ್ನೆ ಮುಖ ನೋಡುತ್ತಾರೆ.

ಇನ್ನೊಂದು ಮಿತಿ ಹೇಳಲೇಬೇಕು. ತೆರಿಗೆ ಉಳಿತಾಯ ಎನ್ನುವುದು ತೆರಿಗೆ ಕಟ್ಟುವವರಿಗೆ ಮಾತ್ರ. ಕಂಪನಿ ನಷ್ಟದಲ್ಲಿದ್ದರೆ ಈ ವರ್ಷ ಉಳಿಯುವುದು ಏನೂ ಇಲ್ಲ, ಇಳಿಸುವ ದರವೂ 9 ಅಲ್ಲ, 12. ಬಾಡಿಗೆಯಿಂದಾದ ವ್ಯಾಪಾರ ನಷ್ಟವನ್ನು 8 ವರ್ಷದವರೆಗೆ ಮಾತ್ರ ಮುಂದಕ್ಕೆ ಒಯ್ಯಬಹುದು. ಬಳಕೆಯಾಗದ ಸವಕಳಿಗೆ ಆ ಗಡುವಿಲ್ಲ. ನಿಮ್ಮ ಮಾಲೀಕರಿಗೆ ಲಾಭ ಇದೆಯೇ ಎಂದು ನೀವು ಎಲ್ಲೂ ಬರೆದಿಲ್ಲ, ಇದೆ ಎಂದುಕೊಂಡೇ ನಾನು ಈ ಲೆಕ್ಕ ಹಾಕಿದ್ದೇನೆ.

ಜಿಎಸ್‌ಟಿ ಬಗ್ಗೆ ಒಂದು ಇಡೀ ಪುಟ ಇದೆ, ಅಷ್ಟು ಬೇಡ. ಕೊಂಡರೂ ಬಾಡಿಗೆಗೆ ತಂದರೂ ಶೇಕಡಾ 18, ಎರಡಕ್ಕೂ ಕ್ರೆಡಿಟ್ ಸಿಗುತ್ತದೆ, ಅಂದರೆ ಕಂಪನಿ ಕಟ್ಟಬೇಕಾದ ಜಿಎಸ್‌ಟಿಯಲ್ಲಿ ಅದನ್ನು ಕಳೆದುಕೊಳ್ಳಬಹುದು. ಕೊಂಡರೆ 7.20 ಲಕ್ಷ ಒಮ್ಮೆಗೇ ಕಟ್ಟಬೇಕು, ಕ್ರೆಡಿಟ್ ಬಳಕೆಯಾಗುವ ತನಕ ಆ ಹಣ ಸಿಕ್ಕಿಕೊಂಡಿರುತ್ತದೆ. ಅದಿಷ್ಟು ಸಾಕು. ಆ ಜಾಗದಲ್ಲಿ ಸವಕಳಿ ಯಾರಿಗೆ ಸೇರುತ್ತದೆ ಎಂಬುದನ್ನು ಬರೆಯಿರಿ. ನೀವು ಲೀಸಿನಲ್ಲೂ ವರ್ಕ್‌ಶಾಪಿನ ಮಾಲೀಕರಿಗೇ ಸವಕಳಿ ಕೊಟ್ಟಿದ್ದೀರಿ, ಅದು ತಪ್ಪು. ಈ ವಿಷಯದಲ್ಲಿ ನಮ್ಮ ಮಣಿಪಾಲದ ಐಸಿಡಿಎಸ್ ಕಂಪನಿಯ ಪ್ರಕರಣ ಸುಪ್ರೀಂ ಕೋರ್ಟ್‌ವರೆಗೆ ಹೋಗಿತ್ತು. ಲೀಸಿಗೆ ಕೊಟ್ಟ ವಾಹನಗಳ ಸವಕಳಿ ಲೀಸ್ ಕೊಟ್ಟ ಕಂಪನಿಗೇ ಸಲ್ಲುತ್ತದೆ ಎಂದು 2013ರಲ್ಲಿ ತೀರ್ಪಾಯಿತು.

ಒಂದು ಅನುಭವ ಹೇಳುತ್ತೇನೆ. ಪತ್ರಿಕೆಗೆ ಬರುವ ಮುಂಚೆ ನಾನು ಒಂದು ವರ್ಕ್‌ಶಾಪಿನಲ್ಲಿ ಲೆಕ್ಕ ಬರೆಯುತ್ತಿದ್ದೆ. ಲೀಸ್ ಮುಗಿದ ದಿನ ಮೆಷಿನ್ ಬಿಚ್ಚಲು ಆಳು, ಎತ್ತಲು ಕ್ರೇನ್, ಸಾಗಿಸಲು ಲಾರಿ, ಎಲ್ಲವೂ ನಮ್ಮ ಖರ್ಚೇ ಆಯಿತು. ಒಪ್ಪಂದದ ಕೊನೆಯ ಪುಟದಲ್ಲಿ ಹಾಗೇ ಬರೆದಿತ್ತು. ನನ್ನ ಲೆಕ್ಕದಲ್ಲಿ ಆ ಸಾಲೇ ಇರಲಿಲ್ಲ. ನಿಮ್ಮ ಕೊಟೇಷನ್‌ನಲ್ಲಿ ವಾಪಸಾತಿಯ ಮಾತೇ ಇಲ್ಲ. ಪೂರ್ತಿ ಒಪ್ಪಂದದ ಕರಡು ಕೇಳಿ ತರಿಸಿಕೊಳ್ಳಿ.

ಮೊದಲ ಎರಡು ಪ್ಯಾರಾ, ಕೈಗಾರಿಕಾ ಪ್ರಗತಿಯ ಬಗ್ಗೆ ಇರುವವು, ತೆಗೆದುಬಿಡಿ. ಕೈ ಒರೆಸಿಕೊಳ್ಳುವ ಮಾಲೀಕರಿಂದ ಶುರು ಮಾಡಿ. ಮತ್ತೊಂದು ಕೆಲಸ ಇದೆ. ಅವರ ಹತ್ತಿರ ಹೋಗಿ, ಬಾಡಿಗೆಯನ್ನು ವರ್ಷದ ಕೊನೆಗೆ ಕಟ್ಟುತ್ತೇವೆ ಎಂದರೆ ಲೀಸ್ ಕಂಪನಿ ಎಷ್ಟು ಕೇಳುತ್ತದೆ ಎಂದು ವಿಚಾರಿಸಲು ಹೇಳಿ. ಆಗಲೂ 9 ಲಕ್ಷವೇ ಎಂದರೆ ಲೀಸ್ ಒಳ್ಳೆಯದು. 9.31 ಲಕ್ಷದಲ್ಲಿ ಎರಡೂ ಸಮ. ಅದಕ್ಕಿಂತ ಮೇಲೆ ಹೋದರೆ ಕೊಳ್ಳುವುದೇ ಸರಿ. ಆ ಅಂಕಿ ಸಿಕ್ಕ ಮೇಲೆ ಲೇಖನ ತಿದ್ದಿ ಕಳಿಸಿ, ನಾನೇ ಓದುತ್ತೇನೆ.