ಮ್ಯೂನಿಕ್‌ನ 60,000 ಯೂರೋ ಬೆಂಗಳೂರಿನ ಎಷ್ಟು ಲಕ್ಷಕ್ಕೆ ಸಮ?

ಪ್ರಶ್ನೆ: ಬೆಂಗಳೂರಿನಲ್ಲಿ ನನ್ನ ಸಿಟಿಸಿ 20 ಲಕ್ಷ, ಒಬ್ಬನೇ ಇದ್ದೇನೆ. ಮ್ಯೂನಿಕ್‌ನಿಂದ 60,000 ಯೂರೋ ಆಫರ್ ಬಂದಿದೆ. ಯೂರೋಗೆ 100 ರೂಪಾಯಿಯಂತೆ ಅದು 60 ಲಕ್ಷ. ಆದರೆ ಎರಡು ದೇಶಗಳ ಬೆಲೆ ಹೋಲಿಸಿ ಹಣದ ಕೊಳ್ಳುವ ಶಕ್ತಿ ಅಳೆಯುವ ಲೆಕ್ಕ, ಅಂದರೆ ಪಿಪಿಪಿ ಹಾಕಿದರೆ 17 ಲಕ್ಷ ಅಷ್ಟೇ, ಹೋಗಬೇಡ ಅಂತಾರೆ ಸಹೋದ್ಯೋಗಿ. ಯಾವ ಲೆಕ್ಕ ನಂಬಲಿ?

ಎರಡೂ ಅರ್ಧ ಸರಿ. ಸಂಬಳದಲ್ಲಿ ಅಲ್ಲೇ ಖರ್ಚಾಗುವ ಭಾಗಕ್ಕೆ ಪಿಪಿಪಿ ಅನ್ವಯಿಸುತ್ತದೆ. ಉಳಿಸಿ ಭಾರತಕ್ಕೆ ತರುವ ಭಾಗಕ್ಕೆ ವಿನಿಮಯ ದರವೇ ಸರಿ. ಇಡೀ ಸಂಬಳವನ್ನು ಒಂದೇ ಸಂಖ್ಯೆಯಿಂದ ಗುಣಿಸುವುದರಿಂದಲೇ 60 ಮತ್ತು 17ರ ನಡುವೆ ಇಷ್ಟು ದೊಡ್ಡ ಕಂದಕ ಬಿದ್ದಿದೆ.

ಮೊದಲು ಆ 17 ಲಕ್ಷ ಹೇಗೆ ಬಂತು ನೋಡಿ. ವಿಶ್ವಬ್ಯಾಂಕ್ ಪ್ರತಿ ದೇಶಕ್ಕೂ ಒಂದು ಪಿಪಿಪಿ ಅಂಕಿ ಕೊಡುತ್ತದೆ: ಅಮೆರಿಕದಲ್ಲಿ ಒಂದು ಡಾಲರಿಗೆ ಸಿಗುವ ಸರಕು, ಸೇವೆಗಳಿಗೆ ಆ ದೇಶದಲ್ಲಿ ಅಲ್ಲಿಯ ಹಣ ಎಷ್ಟು ಬೇಕು ಎಂದು. ಭಾರತಕ್ಕೆ ಅದು ಸುಮಾರು 20 ರೂಪಾಯಿ, ಜರ್ಮನಿಗೆ ಸುಮಾರು 0.72 ಯೂರೋ. ವಿಶ್ವಬ್ಯಾಂಕಿನ ಪಟ್ಟಿಯಲ್ಲಿ ಈ ಅಂಕಿಯ ಹೆಸರು PA.NUS.PPP. ಭಾರತದ್ದನ್ನು ಜರ್ಮನಿಯದರಿಂದ ಭಾಗಿಸಬೇಕು:

```
PA.NUS.PPP (IND) / PA.NUS.PPP (DEU) ≈ 20 / 0.72 ≈ 28
```

ಅಂದರೆ ಜರ್ಮನಿಯಲ್ಲಿ ಒಂದು ಯೂರೋ ಮಾಡುವ ಕೆಲಸವನ್ನು ಭಾರತದಲ್ಲಿ 28 ರೂಪಾಯಿ ಮಾಡುತ್ತದೆ. ಬಹಳ ಜನ ಇಲ್ಲೇ ಎಡವುತ್ತಾರೆ. ಭಾರತದ ಆ 20 ಒಂದು ಡಾಲರಿಗೆ ಎದುರಾದ ಅಂಕಿ, ಯೂರೋಗಲ್ಲ ಎಂಬುದನ್ನು ಮರೆತು ಯೂರೋವನ್ನೇ 20ರಿಂದ ಗುಣಿಸಿ 12 ಲಕ್ಷ ಎಂದುಬಿಡುತ್ತಾರೆ. ನಿಮ್ಮ ಸಹೋದ್ಯೋಗಿ ಅಷ್ಟರಮಟ್ಟಿಗೆ ಸರಿಯಾಗಿಯೇ ಮಾಡಿದ್ದಾರೆ. ಆದರೆ ಅವರು ಗುಣಿಸಿದ್ದು ತೆರಿಗೆ ಕಡಿಯುವ ಮುಂಚಿನ ಸಂಬಳವನ್ನು. ಎರಡೂ ಕಡೆ ಕೈಗೆ ಬರುವ ಹಣದಿಂದ ಶುರುಮಾಡಬೇಕು.

2025ರ ನಿಯಮಗಳ ಪ್ರಕಾರ, ಮದುವೆಯಾಗದ, ಮಕ್ಕಳಿಲ್ಲದ ಉದ್ಯೋಗಿಗೆ 60,000 ಯೂರೋದಲ್ಲಿ ತಿಂಗಳಿಗೆ ಸುಮಾರು 3,100 ಯೂರೋ ಕೈಗೆ ಸಿಗುತ್ತದೆ. ಕಡಿತದಲ್ಲಿ ಆದಾಯ ತೆರಿಗೆಗಿಂತ ಸಾಮಾಜಿಕ ವಿಮೆಯ ಪಾಲೇ ದೊಡ್ಡದು: ಪಿಂಚಣಿಗೆ 9.3%, ನಿರುದ್ಯೋಗ ವಿಮೆಗೆ 1.3%, ಆರೋಗ್ಯ ವಿಮೆಗೆ 7.3% ಮತ್ತು ಅದರ ಮೇಲಿನ ಹೆಚ್ಚುವರಿ, ಜೊತೆಗೆ ವೃದ್ಧಾಪ್ಯದ ಆರೈಕೆಯ ವಿಮೆ. ಇತ್ತ ಬೆಂಗಳೂರಿನ 20 ಲಕ್ಷದಲ್ಲಿ ಬೇಸಿಕ್ 8 ಲಕ್ಷ ಇದೆ ಎಂದುಕೊಂಡರೆ, ಕಂಪನಿಯ ಪಿಎಫ್ ಪಾಲು, ಗ್ರಾಚ್ಯುಟಿ, ನಿಮ್ಮ ಪಿಎಫ್, ಹೊಸ ಪದ್ಧತಿಯ ತೆರಿಗೆ, ವೃತ್ತಿ ತೆರಿಗೆ ಎಲ್ಲ ಕಳೆದು ತಿಂಗಳಿಗೆ ಸುಮಾರು 1,33,500 ರೂಪಾಯಿ ಉಳಿಯುತ್ತದೆ. ನಿಮ್ಮ ಪೇಸ್ಲಿಪ್ ನೋಡಿ ಈ ಅಂಕಿ ತಿದ್ದಿಕೊಳ್ಳಿ.

ಈಗ ಖರ್ಚು. ವಿಶ್ವಬ್ಯಾಂಕಿನ 28 ಇಡೀ ಭಾರತದ ಸರಾಸರಿ, ಅದರಲ್ಲಿ ಸರ್ಕಾರದ ವೆಚ್ಚ, ಕಟ್ಟಡ ನಿರ್ಮಾಣ ಕೂಡ ಸೇರಿವೆ. ಮನೆಖರ್ಚಿನದೇ ಅಂಕಿ ಬೇಕಿದ್ದರೆ `PA.NUS.PRVT.PP` ನೋಡಬೇಕು. ಅದೂ ದೇಶದ ಸರಾಸರಿಯೇ ಆದ್ದರಿಂದ ನಿಮ್ಮ ಪಟ್ಟಿಯನ್ನು ನೀವೇ ಹಾಕುವುದು ಒಳ್ಳೆಯದು. ಉದಾಹರಣೆಗೆ ಬೆಂಗಳೂರಿನಲ್ಲಿ ಬಾಡಿಗೆ, ಮೇಂಟೆನೆನ್ಸ್ 30,000, ದಿನಸಿ ಮತ್ತು ಹೋಟೆಲ್ 12,000, ಅಡುಗೆಯವರು ಮತ್ತು ಮನೆಕೆಲಸದವರಿಗೆ 7,000, ಓಡಾಟ 5,000, ಕರೆಂಟು, ಫೋನು, ಇಂಟರ್ನೆಟ್ 3,000, ಉಳಿದದ್ದು 8,500 ಎಂದಿಟ್ಟುಕೊಂಡರೆ ಒಟ್ಟು 65,500. ಮ್ಯೂನಿಕ್‌ನಲ್ಲಿ ಚಿಕ್ಕ ಮನೆಗೆ 1,400 ಯೂರೋ, ಊಟಕ್ಕೆ 350, ಬಸ್ಸು ರೈಲಿನ ತಿಂಗಳ ಟಿಕೆಟ್ 2025ರ ದರದಲ್ಲಿ 58, ಕರೆಂಟು, ಫೋನು, ಇಂಟರ್ನೆಟ್ 100, ಪ್ರತಿ ಮನೆಯೂ ಕಟ್ಟಲೇಬೇಕಾದ ಟಿವಿ ರೇಡಿಯೋ ಶುಲ್ಕ 18, ಉಳಿದದ್ದು 250 ಹಾಕಿದರೆ ಸುಮಾರು 2,180. ಬಾಡಿಗೆ ಜಾಹೀರಾತಿನಲ್ಲಿ 'ಕಾಲ್ಟ್' ಎಂದಿದ್ದರೆ ಹೀಟಿಂಗ್ ಮತ್ತು ಕಟ್ಟಡದ ಖರ್ಚು ಅದರಲ್ಲಿ ಸೇರಿಲ್ಲ. 'ವಾರ್ಮ್' ಎಂದಿರುವ ಮೊತ್ತವನ್ನೇ ಲೆಕ್ಕಕ್ಕೆ ತೆಗೆದುಕೊಳ್ಳಿ.

65,500ನ್ನು 2,180ರಿಂದ ಭಾಗಿಸಿದರೆ ನಿಮ್ಮದೇ ಪಿಪಿಪಿ ದರ 30 ಬರುತ್ತದೆ. ಆದರೆ ಇದು ಸಮನಾದ ಹೋಲಿಕೆಯಲ್ಲ, ಯಾಕೆಂದರೆ ಬೆಂಗಳೂರಿನ ಪಟ್ಟಿಯಲ್ಲಿ ಅಡುಗೆ ಬೇರೆಯವರದು, ಮ್ಯೂನಿಕ್‌ನಲ್ಲಿ ನಿಮ್ಮದೇ. ಸಮ ಮಾಡಲು ಎರಡು ದಾರಿ. ಬೆಂಗಳೂರಿನ ಆ 7,000 ತೆಗೆದುಹಾಕಿದರೆ 58,500ಕ್ಕೆ 2,180, ಅಂದರೆ ಸುಮಾರು 27. ಇಲ್ಲವೇ ಮ್ಯೂನಿಕ್‌ನಲ್ಲೂ ದಿನಕ್ಕೆ ಒಂದು ಗಂಟೆ ಜನ ಇಟ್ಟುಕೊಂಡಿರಿ ಎಂದುಕೊಳ್ಳಿ. 2025ರ ಕನಿಷ್ಠ ವೇತನವೇ ಗಂಟೆಗೆ 12.82 ಯೂರೋ, ಹಾಗಾಗಿ ತಿಂಗಳಿಗೆ ಕಡಿಮೆಯೆಂದರೂ 385. ಆಗ 65,500ಕ್ಕೆ 2,565, ಅಂದರೆ 25.5. ಪಿಪಿಪಿ ದರ ವಿನಿಮಯ ದರಕ್ಕಿಂತ ಇಷ್ಟು ಕೆಳಗಿರಲು ಮುಖ್ಯ ಕಾರಣ ಇದೇ: ಫೋನು, ಲ್ಯಾಪ್‌ಟಾಪುಗಳ ಬೆಲೆ ಎರಡೂ ಕಡೆ ಹೆಚ್ಚುಕಡಿಮೆ ಒಂದೇ, ಮನುಷ್ಯರ ಶ್ರಮದ ಬೆಲೆ ಮಾತ್ರ ಬೇರೆ. ಮನೆಗೆಲಸ, ಆಟೋ, ಹೋಟೆಲ್ ಊಟದ ಮೇಲೆ ಎಷ್ಟು ಅವಲಂಬಿಸಿದ್ದೀರೋ ನಿಮ್ಮ ದರ ಅಷ್ಟು ಕೆಳಗಿಳಿಯುತ್ತದೆ.

ಇನ್ನು ಉಳಿತಾಯ. ಮ್ಯೂನಿಕ್‌ನಲ್ಲಿ 3,100ರಲ್ಲಿ 2,180 ಹೋಗಿ 920. ವರ್ಷಕ್ಕೊಮ್ಮೆ ಊರಿಗೆ ಬರುವ ವಿಮಾನಕ್ಕೆ ತಿಂಗಳಿಗೆ 75 ಎತ್ತಿಟ್ಟರೆ 845. ನೀವು ಹೇಳಿದ ವಿನಿಮಯ ದರದ ಪ್ರಕಾರ ಯೂರೋಗೆ 100 ರೂಪಾಯಿಯಂತೆ 84,500 ರೂಪಾಯಿ. ಇದಕ್ಕೆ ಪಿಪಿಪಿ ಹಾಕಿದರೆ ತಪ್ಪಾಗುತ್ತದೆ, ಯಾಕೆಂದರೆ ಈ ಹಣ ಖರ್ಚಾಗುವುದು ಭಾರತದ ಬೆಲೆಗಳಲ್ಲಿ. ಬೆಂಗಳೂರಿನಲ್ಲಿ 68,000 ಉಳಿಯುತ್ತದೆ, ಅದಕ್ಕೆ ಎರಡೂ ಪಾಲಿನ ಪಿಎಫ್ 16,000 ಸೇರಿ 84,000. ಪಿಎಫ್ ಸೇರಿಸಲು ಮರೆಯುವುದರಿಂದಲೇ ವಿದೇಶದ ಉಳಿತಾಯ ದೊಡ್ಡದಾಗಿ ಕಾಣುತ್ತದೆ.

ಹಾಗಾಗಿ ಈ ಆಫರ್‌ನಲ್ಲಿ ಉಳಿತಾಯ ಸಮಸಮ, ದಿನದ ಬದುಕು ಒಂದು ಮೆಟ್ಟಿಲು ಕೆಳಗೆ. 60 ಲಕ್ಷವಂತೂ ಅಲ್ಲ. 17 ಲಕ್ಷ ಎಂದು ತಳ್ಳಿಹಾಕುವಂಥದ್ದೂ ಅಲ್ಲ. ಜರ್ಮನಿಯ ಪಿಂಚಣಿಗೆ ತಿಂಗಳಿಗೆ ನಿಮ್ಮಿಂದ 465 ಯೂರೋ, ಕಂಪನಿಯಿಂದ ಅಷ್ಟೇ ಹೋಗುತ್ತದೆ. 60 ತಿಂಗಳು ಕಟ್ಟಿದರೆ ವಯಸ್ಸಾದಾಗ ಪಿಂಚಣಿಯ ಹಕ್ಕು ಬರುತ್ತದೆ. ಐದು ವರ್ಷಕ್ಕಿಂತ ಹೆಚ್ಚು ಇರುವ ಯೋಚನೆಯಿದ್ದರೆ ಅದನ್ನು ಮ್ಯೂನಿಕ್ ಪರವಾಗಿ ಸೇರಿಸಿ.

ಮೂರು ಸಂದರ್ಭಗಳಲ್ಲಿ ಈ ತಕ್ಕಡಿ ವಾಲುತ್ತದೆ. ಊರಲ್ಲಿ ಮನೆಸಾಲದ ಕಂತು ಇದ್ದರೆ ಅದು ವಿನಿಮಯ ದರದ ಬದಿಗೆ ಸೇರುತ್ತದೆ: 40,000ದ ಕಂತು ಬೆಂಗಳೂರಿನ ಸಂಬಳದ 30% ತಿಂದರೆ ಮ್ಯೂನಿಕ್ ಸಂಬಳದ 13% ಮಾತ್ರ ತಿನ್ನುತ್ತದೆ. ಮದುವೆಯಾಗಿ ಇಬ್ಬರೂ ದುಡಿಯುತ್ತಿದ್ದು ಒಬ್ಬರು ಕೆಲಸ ಬಿಡಬೇಕಾದರೆ ಆ ಸಂಬಳ ಪೂರ್ತಿ ನಷ್ಟ, ಯಾವ ಪಿಪಿಪಿಯೂ ಅದನ್ನು ತುಂಬುವುದಿಲ್ಲ. ಮಕ್ಕಳಿದ್ದರೆ ಜರ್ಮನಿಯ ಬದಿ ಭಾರವಾಗುತ್ತದೆ. ಸರ್ಕಾರಿ ಶಾಲೆಗೆ ಶುಲ್ಕವಿಲ್ಲ, ಸಾರ್ವಜನಿಕ ಆರೋಗ್ಯ ವಿಮೆಯಲ್ಲಿ ದುಡಿಯದ ಸಂಗಾತಿ ಮತ್ತು ಮಕ್ಕಳು ಹೆಚ್ಚುವರಿ ಕಂತಿಲ್ಲದೆ ಸೇರುತ್ತಾರೆ. ನಿಮ್ಮ ಪಟ್ಟಿಯಲ್ಲಿ ಬೆಂಗಳೂರಿನ ಶಾಲಾ ಶುಲ್ಕ ಬರೆದು ನೋಡಿ.

ಚೌಕಾಸಿ ಮಾಡುವುದಾದರೆ ಒಂದು ಅಂಕಿ ಕೈಯಲ್ಲಿರಲಿ. ಈ ಮಟ್ಟದಲ್ಲಿ ವಾರ್ಷಿಕ ಸಂಬಳ 1,000 ಯೂರೋ ಏರಿದರೆ ಕೈಗೆ ಬರುವುದು ಸುಮಾರು ಅರ್ಧ. 67,000 ಒಪ್ಪಿದರೆ ತಿಂಗಳಿಗೆ ಸುಮಾರು 300 ಯೂರೋ ಹೆಚ್ಚು ಸಿಗುತ್ತದೆ. ಖರ್ಚು ಆಗಲೇ ಮುಗಿದಿರುವುದರಿಂದ ಅದಷ್ಟೂ ಉಳಿತಾಯಕ್ಕೆ ಸೇರಿ ವಿನಿಮಯ ದರದಲ್ಲೇ 30,000 ರೂಪಾಯಿಯಾಗುತ್ತದೆ. ನಾನಾದರೆ 60,000ಕ್ಕೆ ಸಹಿ ಹಾಕುವ ಮುಂಚೆ ಆ 67,000 ಕೇಳುತ್ತಿದ್ದೆ.